ಟೆಂಡರಿನ ಗಡುವನ್ನು ಮುಂದೂಡುವಂತೆ ಕೇಳಿಕೊಳ್ಳುವ ಕ್ರಮ



ಬೆಳೆದದ್ದನ್ನು ಗಾಡಿಗೆ ಹೇರಿ ಮಂಡಿಗೆ ಹಾಕಿ ಬರುವುದೊಂದೇ ಈಗ ಮಾರಾಟದ ದಾರಿಯಲ್ಲ. ಹಳ್ಳಿಗಳ ರೈತ ಉತ್ಪಾದಕ ಕಂಪನಿಗಳೂ ಸಹಕಾರ ಸಂಘಗಳೂ ಬೇಳೆ, ಹಿಟ್ಟು, ತರಕಾರಿ, ಮೇವು ಮುಂತಾದುವನ್ನು ವಿದ್ಯಾರ್ಥಿ ನಿಲಯಗಳಿಗೂ ಆಸ್ಪತ್ರೆಗಳಿಗೂ ನೇರವಾಗಿ ಒದಗಿಸಲು ಟೆಂಡರು ಹಾಕುತ್ತಿವೆ. ಇಂಥ ಸಂಘಗಳು ಸೋಲುವುದು ಎಷ್ಟೋ ಸಾರಿ ದರದಲ್ಲಲ್ಲ, ಮಾಲಿನ ಗುಣದಲ್ಲೂ ಅಲ್ಲ, ದಿನದ ಲೆಕ್ಕದಲ್ಲಿ. ಒಂದು ಕಾಗದ ಕೈಗೆ ಬರುವ ಮೊದಲೇ ಗಡುವು ಮುಗಿದುಹೋಗುತ್ತದೆ. ವರ್ಷವಿಡೀ ಮಾಲು ಹೋಗಬಹುದಾಗಿದ್ದ ಬಾಗಿಲು ಆ ಒಂದು ಕಾಗದದಿಂದ ಮುಚ್ಚಿಹೋಗುತ್ತದೆ.

ಗಡುವನ್ನು ಮುಂದಕ್ಕೆ ಹಾಕಿರೆಂದು ಖರೀದಿ ಅಧಿಕಾರಿಯನ್ನು ಕೇಳಬಹುದು. ಕೇಳುವುದು ತಪ್ಪಲ್ಲ, ಭಿಕ್ಷೆಯೂ ಅಲ್ಲ. ಆದರೆ ಅದಕ್ಕೊಂದು ಕ್ರಮವಿದೆ. ಯಾವ ಕಾರಣಕ್ಕೆ ಕೇಳಬೇಕು, ಎಷ್ಟು ದಿನ ಕೇಳಬೇಕು, ಹೇಗೆ ಬರೆಯಬೇಕು, ಬರೆದ ಮೇಲೆ ಏನು ಮಾಡಬೇಕು ಎಂಬುದನ್ನು ಈ ಪಾಠದಲ್ಲಿ ಒಂದು ಉದಾಹರಣೆಯ ಮೂಲಕ ನೋಡೋಣ.

ಅಧಿಕಾರಿಯ ಕೈಯಲ್ಲಿ ಇರುವುದೆಷ್ಟು?

ಮೊದಲು ಆಚೆಯ ಬದಿಯಲ್ಲಿ ಕುಳಿತವರ ಕಷ್ಟವನ್ನು ತಿಳಿಯಬೇಕು. ಕರ್ನಾಟಕದಲ್ಲಿ ಸರ್ಕಾರದ ಖರೀದಿಯೆಲ್ಲ 1999ರ ಪಾರದರ್ಶಕತೆ ಕಾಯಿದೆ ಮತ್ತು ಅದರ 2000ದ ನಿಯಮಗಳ ಕಟ್ಟಿನೊಳಗೆ ನಡೆಯುತ್ತದೆ. ಟೆಂಡರು ಹಾಕಲು ಕನಿಷ್ಠ ಇಷ್ಟು ದಿನ ಕೊಡಬೇಕೆಂದು ಆ ನಿಯಮಗಳಲ್ಲಿ ಮೊತ್ತಕ್ಕೆ ತಕ್ಕಂತೆ ಹೇಳಿದೆ. ಅದಕ್ಕಿಂತ ಕಡಿಮೆ ಮಾಡಬೇಕಾದರೆ ಮೇಲಧಿಕಾರಿಯ ಒಪ್ಪಿಗೆ ಬೇಕು. ಕಾರಣವನ್ನು ಕಡತದಲ್ಲಿ ಬರೆದಿಡಬೇಕು. ಕೇಂದ್ರ ಸರ್ಕಾರದ ಖರೀದಿಯಾದರೆ 2017ರ ಹಣಕಾಸು ನಿಯಮಗಳ ಪ್ರಕಾರ ಬಹಿರಂಗ ಟೆಂಡರಿಗೆ ಸಾಮಾನ್ಯವಾಗಿ ಕನಿಷ್ಠ ಮೂರು ವಾರ ಕೊಡಬೇಕು.

ಗಡುವನ್ನು ಮುಂದೂಡುವ ಅಧಿಕಾರ ಟೆಂಡರು ಕರೆದವರಿಗೆ ಉಂಟು. ಆದರೆ ಅವರು ಎರಡು ಕಟ್ಟುಗಳಿಗೆ ಒಳಪಟ್ಟಿರುತ್ತಾರೆ. ಮೊದಲನೆಯದು, ಮುಂದೂಡಿದರೆ ಎಲ್ಲರಿಗೂ ಮುಂದೂಡಬೇಕು. ನಿಮ್ಮ ಸಂಘವೊಂದಕ್ಕೇ ಎರಡು ದಿನ ಹೆಚ್ಚು ಕೊಡುವುದು ಯಾವ ಅಧಿಕಾರಿಯಿಂದಲೂ ಆಗದ ಮಾತು. ಹೊಸ ದಿನಾಂಕವನ್ನು ತಿದ್ದುಪಡಿ ಪ್ರಕಟಣೆಯ ಮೂಲಕ ಪೋರ್ಟಲಿನಲ್ಲಿ ಹಾಕಿ, ಟೆಂಡರು ಹಾಕುವ ಎಲ್ಲರಿಗೂ ತಿಳಿಯಪಡಿಸಬೇಕು. ಎರಡನೆಯದು, ಏಕೆ ಮುಂದೂಡಿದೆವು ಎಂಬುದಕ್ಕೆ ಕಡತದಲ್ಲಿ ಕಾರಣ ಇರಬೇಕು. ನಾಳೆ ಲೆಕ್ಕ ತಪಾಸಣೆಯವರು ಬಂದು ಕೇಳಿದಾಗ ಅಧಿಕಾರಿ ತೋರಿಸಬೇಕಾದದ್ದು ಆ ಹಾಳೆಯನ್ನೇ.

ಆದುದರಿಂದ ನೀವು ಬರೆಯುವ ಪತ್ರವು ಅಧಿಕಾರಿಯ ಮನಸ್ಸನ್ನು ಕರಗಿಸುವುದಕ್ಕಲ್ಲ. ಅವರ ಕಡತಕ್ಕೆ ಸೇರುವುದಕ್ಕೆ. ಅವರು ಆ ಹಾಳೆಯನ್ನು ಹಾಗೆಯೇ ಟಿಪ್ಪಣಿಗೆ ಲಗತ್ತಿಸಿ, "ಕಾರಣ ಸಮಂಜಸವಾಗಿದೆ" ಎಂದು ಬರೆಯುವಂತಿರಬೇಕು. ಈ ಪಾಠದ ತಿರುಳು ಇದೇ.

ಯಾವ ಕಾರಣ ನಿಲ್ಲುತ್ತದೆ?

ಕಾರಣವನ್ನು ತೂಗಲು ಒಂದು ಪ್ರಶ್ನೆ ಸಾಕು: ಈ ತೊಂದರೆ ನಮ್ಮೊಬ್ಬರದೋ, ಟೆಂಡರು ಹಾಕುವ ಎಲ್ಲರದೋ?

ಕಾರ್ಯದರ್ಶಿಯ ಮನೆಯಲ್ಲಿ ಮದುವೆ ಇತ್ತು, ಅಧ್ಯಕ್ಷರು ತೀರ್ಥಯಾತ್ರೆಗೆ ಹೋಗಿದ್ದರು, ಡಿಜಿಟಲ್ ಸಹಿಯ ಅವಧಿ ಮುಗಿದಿದ್ದು ಗಮನಕ್ಕೆ ಬರಲಿಲ್ಲ, ಬ್ಯಾಂಕಿಗೆ ಹೋಗುವುದು ತಡವಾಯಿತು ಎಂಬುವೆಲ್ಲ ನಮ್ಮೊಬ್ಬರ ತೊಂದರೆಗಳು. ಅವು ಸುಳ್ಳಲ್ಲದಿರಬಹುದು. ಆದರೂ ಇವುಗಳಿಗಾಗಿ ಎಲ್ಲರ ಗಡುವನ್ನು ಸರಿಸಿದೆನೆಂದು ಅಧಿಕಾರಿ ಬರೆಯಲಾರರು.

ಟೆಂಡರಿನ ದಾಖಲೆಯಿಂದಲೇ ಹುಟ್ಟಿದ ತೊಂದರೆಯಾದರೆ ಮಾತು ಬೇರೆ. ನಡುವೆ ಷರತ್ತು ಬದಲಾದದ್ದು, ಕೇಳಿದ ಪ್ರಶ್ನೆಗೆ ಕಛೇರಿಯ ಉತ್ತರ ತಡವಾಗಿ ಬಂದದ್ದು, ದಾಖಲೆಯ ಎರಡು ಪುಟಗಳಲ್ಲಿ ಎರಡು ಬಗೆಯ ಮಾತು ಇರುವುದು, ಪೋರ್ಟಲ್ ಹಲವು ಗಂಟೆ ಕೆಲಸ ಮಾಡದೆ ನಿಂತದ್ದು, ಇವು ಎಲ್ಲರಿಗೂ ತಗಲುವ ತೊಂದರೆಗಳು. ಇವುಗಳ ಸಾಕ್ಷಿ ಕಛೇರಿಯ ದಾಖಲೆಯಲ್ಲೇ ಇರುತ್ತದೆ. ಪೋರ್ಟಲಿನ ವಿಷಯದಲ್ಲಿ ಮಾತ್ರ ಸಾಕ್ಷಿಯನ್ನು ನೀವೇ ಕೂಡಿಡಬೇಕು. ದೋಷ ತೋರಿಸಿದ ಪರದೆಯ ಚಿತ್ರವನ್ನು ದಿನಾಂಕ ಹಾಗೂ ಗಂಟೆ ಕಾಣುವಂತೆ ತೆಗೆದುಕೊಳ್ಳಿ. ಸಹಾಯವಾಣಿಗೆ ದೂರು ಕೊಟ್ಟು ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇವೆರಡಿಲ್ಲದೆ "ಪೋರ್ಟಲ್ ತೆರೆಯಲಿಲ್ಲ" ಎಂದರೆ ಅದು ಬರಿಯ ಬಾಯಿಮಾತು.

ಒಂದು ಉದಾಹರಣೆ

ಈಗ ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ತೊಗರಿ ಬೆಳೆಯುವ 400 ಜನ ರೈತರು ಸೇರಿ ಕಟ್ಟಿದ ಉತ್ಪಾದಕ ಕಂಪನಿ. ಅದಕ್ಕೊಂದು ಚಿಕ್ಕ ಬೇಳೆ ಗಿರಣಿ ಇದೆ. ಜಿಲ್ಲೆಯ ವಿದ್ಯಾರ್ಥಿ ನಿಲಯಗಳಿಗೆ ವರ್ಷಕ್ಕೆ 600 ಕ್ವಿಂಟಲ್ ತೊಗರಿ ಬೇಳೆ ಒದಗಿಸಲು ಜುಲೈ 6, ಸೋಮವಾರ ಟೆಂಡರು ಪ್ರಕಟವಾಯಿತು. ಕಡೆಯ ದಿನ ಆಗಸ್ಟ್ 5, ಬುಧವಾರ, ಸಂಜೆ 4 ಗಂಟೆ. ಪೂರೈಕೆ ಆರಂಭವಾಗಬೇಕಾದದ್ದು ಅಕ್ಟೋಬರ್ 1ರಿಂದ.

ಬೇಳೆಯ ತೇವಾಂಶ ಮತ್ತು ಕಸಕಡ್ಡಿಯ ಪ್ರಮಾಣದ ಬಗ್ಗೆ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಬೇಕೆಂದು ಮೂಲ ದಾಖಲೆಯಲ್ಲಿ ಇತ್ತು. ವರದಿಯು ಟೆಂಡರಿನ ಕಡೆಯ ದಿನಕ್ಕೆ 30 ದಿನಗಳಿಗಿಂತ ಹಳೆಯದಾಗಿರಬಾರದು ಎಂದೂ ಬರೆದಿತ್ತು. ಕಂಪನಿಯವರು ಹಿಂದು ಮುಂದು ನೋಡದೆ ಮಾದರಿ ಕಳುಹಿಸಿ, ಜುಲೈ 10ನೇ ತಾರೀಖಿನ ವರದಿಯನ್ನು ತರಿಸಿಟ್ಟುಕೊಂಡರು.

ಜುಲೈ 27, ಸೋಮವಾರ ಸಂಜೆ ತಿದ್ದುಪಡಿ ಪ್ರಕಟಣೆ ಬಂತು. ಬೇಳೆಯಲ್ಲಿ ಕೀಟನಾಶಕದ ಶೇಷ ಎಷ್ಟಿದೆ ಎಂಬುದರ ವರದಿಯನ್ನೂ ಸೇರಿಸಬೇಕು ಎಂಬುದು ಹೊಸ ಷರತ್ತು. ಷರತ್ತು ಒಳ್ಳೆಯದೇ, ಮಕ್ಕಳು ಉಣ್ಣುವ ಬೇಳೆ. ಆದರೆ ಕಡೆಯ ದಿನ ಮಾತ್ರ ಆಗಸ್ಟ್ 5 ಆಗಿಯೇ ಉಳಿಯಿತು.

ಮರುದಿನ, ಮಂಗಳವಾರ, ಕಂಪನಿಯವರು ಪ್ರಯೋಗಾಲಯವನ್ನು ವಿಚಾರಿಸಿದರು. ಮಾದರಿ ತಲುಪಿದ ಮರುದಿನದಿಂದ 8 ಕೆಲಸದ ದಿನಗಳು ಬೇಕು, ಶನಿವಾರ ಭಾನುವಾರ ರಜೆ ಎಂದು ಪ್ರಯೋಗಾಲಯದವರು ಮಿಂಚಂಚೆಯಲ್ಲಿ ಲಿಖಿತವಾಗಿ ತಿಳಿಸಿದರು. ಅದೇ ದಿನ ಮಾದರಿ ತೆಗೆದು, ಮೊಹರು ಹಾಕಿ, ಬುಧವಾರ ಜುಲೈ 29ರಂದು ಪ್ರಯೋಗಾಲಯಕ್ಕೆ ಒಪ್ಪಿಸಿ ರಸೀದಿ ಪಡೆದರು.

ದಿನಗಳ ಲೆಕ್ಕ

ಈಗ ಎಷ್ಟು ದಿನ ಕೇಳಬೇಕು? ಹಲವರು "ಹದಿನೈದು ದಿನ ಕೊಡಿ" ಎಂದು ಅಂದಾಜಿನಲ್ಲಿ ಬರೆಯುತ್ತಾರೆ. ಹತ್ತು ದಿನ ಬೇಕಾದಲ್ಲಿ ಹದಿನೈದು ಕೇಳಿದರೆ ಐದು ದಿನಕ್ಕೆ ಕಾರಣವಿಲ್ಲದಂತಾಗುತ್ತದೆ. ಆ ಐದು ದಿನದ ಸಂಶಯ ಉಳಿದ ಹತ್ತನ್ನೂ ಕೆಡಿಸುತ್ತದೆ. ಆದುದರಿಂದ ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ಬೆರಳಿನಿಂದ ಎಣಿಸಬೇಕು.

ಮಾದರಿ ತಲುಪಿದ್ದು ಬುಧವಾರ, ಜುಲೈ 29. ಗುರುವಾರ ಮತ್ತು ಶುಕ್ರವಾರ ಸೇರಿ ಎರಡು ಕೆಲಸದ ದಿನ. ಶನಿವಾರ ಭಾನುವಾರ ಬಿಟ್ಟು, ಆಗಸ್ಟ್ 3ರ ಸೋಮವಾರದಿಂದ 7ರ ಶುಕ್ರವಾರದವರೆಗೆ ಐದು ದಿನ, ಒಟ್ಟು ಏಳು. ಎಂಟನೆಯದು ಆಗಸ್ಟ್ 10, ಸೋಮವಾರ. ಅಂದು ಸಂಜೆಗೆ ವರದಿ ಕೈಗೆ ಬರುತ್ತದೆ. ಮಂಗಳವಾರ ಅದನ್ನು ಸ್ಕ್ಯಾನ್ ಮಾಡಿ ಪೋರ್ಟಲಿಗೆ ಏರಿಸಿ ಡಿಜಿಟಲ್ ಸಹಿ ಹಾಕಬೇಕು. ಬುಧವಾರ, ಆಗಸ್ಟ್ 12, ಸಂಜೆ 4 ಗಂಟೆಗೆ ಮುಗಿಯುವಂತೆ ಕೇಳಿದರೆ ಒಂದು ದಿನ ಕೈಯಲ್ಲಿ ಉಳಿಯುತ್ತದೆ. ಅಂದರೆ ಬೇಕಾದದ್ದು ಸರಿಯಾಗಿ 7 ದಿನ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಪತ್ರಕ್ಕೆ ಬಲ ಕೊಡುವುದು ಅದೇ. ತಿದ್ದುಪಡಿ ಬಂದ ಮರುದಿನ, ಜುಲೈ 28ರಂದೇ, ಯಾರಾದರೂ ಓಡಿಹೋಗಿ ಮಾದರಿ ಕೊಟ್ಟಿದ್ದರು ಎನ್ನಿ. 29ರಿಂದ ಎಂಟು ಕೆಲಸದ ದಿನ ಎಣಿಸಿದರೆ ಆಗಸ್ಟ್ 7, ಶುಕ್ರವಾರ ಬರುತ್ತದೆ. ಅವರಿಗೂ ವರದಿ ಸಿಗುವುದು ಗಡುವು ಕಳೆದು ಎರಡು ದಿನದ ಮೇಲೆ. ಎಂದರೆ ಈ ಪ್ರಯೋಗಾಲಯದ ಅವಧಿಯ ಪ್ರಕಾರ, ವರದಿ ಮೊದಲೇ ಕೈಯಲ್ಲಿಲ್ಲದವರು ಎಷ್ಟು ಚುರುಕಾಗಿದ್ದರೂ ಹೊಸ ಷರತ್ತನ್ನು ಪೂರೈಸಲಾರರು. ತೊಂದರೆ ನಮ್ಮ ಸೋಮಾರಿತನದ್ದಲ್ಲ, ಷರತ್ತಿನ ಮತ್ತು ದಿನಾಂಕದ ಹೊಂದಾಣಿಕೆಯದ್ದು ಎಂಬುದು ಇದರಿಂದ ಸಿದ್ಧವಾಗುತ್ತದೆ.

ಪತ್ರದ ಮಾದರಿ

ಪತ್ರ ಒಂದು ಪುಟ ಮೀರಬಾರದು. ಕಂಪನಿಯ ಹೆಸರಿರುವ ಹಾಳೆಯಲ್ಲಿ, ಅಧಿಕಾರ ಪಡೆದ ನಿರ್ದೇಶಕರ ಸಹಿಯೊಂದಿಗೆ, ಹೀಗೆ ಬರೆಯಬಹುದು:

> ದಿನಾಂಕ: ಜುಲೈ 29
>
> ಗೆ,
> ಟೆಂಡರ್ ಆಹ್ವಾನ ಪ್ರಾಧಿಕಾರಿಗಳು,
> (ಕಛೇರಿಯ ಹೆಸರು ಮತ್ತು ವಿಳಾಸ)
>
> ಮಾನ್ಯರೇ,
>
> ವಿಷಯ: ತೊಗರಿ ಬೇಳೆ ಪೂರೈಕೆ ಟೆಂಡರಿನ ಕಡೆಯ ದಿನಾಂಕವನ್ನು ಆಗಸ್ಟ್ 5ರಿಂದ ಆಗಸ್ಟ್ 12ಕ್ಕೆ ಮುಂದೂಡಲು ಕೋರಿಕೆ.
>
> ಉಲ್ಲೇಖ: 1) ಟೆಂಡರ್ ಪ್ರಕಟಣೆ ಸಂಖ್ಯೆ (…), ಜುಲೈ 6. 2) ತಿದ್ದುಪಡಿ ಪ್ರಕಟಣೆ ಸಂಖ್ಯೆ (…), ಜುಲೈ 27.
>
> ಉಲ್ಲೇಖ 2ರ ತಿದ್ದುಪಡಿಯಲ್ಲಿ ಕೀಟನಾಶಕ ಶೇಷದ ಪರೀಕ್ಷಾ ವರದಿಯನ್ನು ಹೊಸದಾಗಿ ಕಡ್ಡಾಯ ಮಾಡಲಾಗಿದೆ. ಈ ಷರತ್ತಿಗೆ ನಮ್ಮ ಆಕ್ಷೇಪಣೆ ಇಲ್ಲ. ಅದನ್ನು ಪೂರೈಸಲು ಸಿದ್ಧರಿದ್ದೇವೆ.
>
> ಮಾನ್ಯತೆ ಪಡೆದ ಪ್ರಯೋಗಾಲಯವು ಈ ಪರೀಕ್ಷೆಗೆ 8 ಕೆಲಸದ ದಿನಗಳು ಬೇಕೆಂದು ತಿಳಿಸಿದೆ (ಲಗತ್ತು 1). ನಾವು ಮಾದರಿಯನ್ನು ಈ ದಿನ ಒಪ್ಪಿಸಿದ್ದೇವೆ (ಲಗತ್ತು 2). ವರದಿ ಆಗಸ್ಟ್ 10ರಂದು ದೊರೆಯುತ್ತದೆ. ತಿದ್ದುಪಡಿಯ ಮರುದಿನವೇ ಮಾದರಿ ಒಪ್ಪಿಸಿದ್ದರೂ ಈ ಅವಧಿಯ ಪ್ರಕಾರ ವರದಿ ಆಗಸ್ಟ್ 7ಕ್ಕೆ ಮೊದಲು ದೊರೆಯುತ್ತಿರಲಿಲ್ಲ.
>
> ಆದುದರಿಂದ ಎಲ್ಲ ಟೆಂಡರುದಾರರಿಗೂ ಅನ್ವಯವಾಗುವಂತೆ ಕಡೆಯ ದಿನಾಂಕವನ್ನು ಆಗಸ್ಟ್ 12, ಸಂಜೆ 4 ಗಂಟೆಗೆ ಮುಂದೂಡಬೇಕೆಂದು ಕೋರುತ್ತೇವೆ. ಪೂರೈಕೆಯು ಅಕ್ಟೋಬರ್ 1ರಂದು ಆರಂಭವಾಗಬೇಕಿದ್ದು, ಆಗಸ್ಟ್ 12ರಿಂದ ಅಲ್ಲಿಗೆ 50 ದಿನಗಳಿವೆ.
>
> ಇದು ಸಾಧ್ಯವಾಗದಿದ್ದಲ್ಲಿ, ಟೆಂಡರಿನೊಂದಿಗೆ ಪ್ರಯೋಗಾಲಯದ ರಸೀದಿಯನ್ನು ಲಗತ್ತಿಸಿ ವರದಿಯನ್ನು ತಾಂತ್ರಿಕ ಪರಿಶೀಲನೆಗೆ ಮೊದಲು ಸಲ್ಲಿಸಲು ಎಲ್ಲರಿಗೂ ಅವಕಾಶ ನೀಡುವ ತಿದ್ದುಪಡಿಯನ್ನಾದರೂ ಹೊರಡಿಸಬೇಕೆಂದು ಪ್ರಾರ್ಥನೆ.
>
> ಲಗತ್ತುಗಳು: 1) ಪ್ರಯೋಗಾಲಯದ ಮಿಂಚಂಚೆ. 2) ಮಾದರಿ ಸ್ವೀಕರಿಸಿದ ರಸೀದಿ.
>
> ತಮ್ಮ ವಿಶ್ವಾಸಿ,
> (ಸಹಿ, ಹೆಸರು, ಹುದ್ದೆ, ಮೊಹರು)

ಈ ಪತ್ರದಲ್ಲಿ ಮೂರು ಸಂಗತಿಗಳನ್ನು ಗಮನಿಸಿರಿ. ಒಂದು, ವಿಷಯದ ಸಾಲಿನಲ್ಲೇ ಹಳೆಯ ದಿನಾಂಕ, ಹೊಸ ದಿನಾಂಕ ಎರಡೂ ಇವೆ. ಪತ್ರವನ್ನು ಪೂರ್ತಿ ಓದದ ಗುಮಾಸ್ತರಿಗೂ ಏನು ಕೇಳಿದ್ದಾರೆಂಬುದು ತಿಳಿಯುತ್ತದೆ. ಎರಡು, ಪೂರೈಕೆಯ ದಿನಕ್ಕೆ ಎಷ್ಟು ಕಾಲ ಉಳಿಯುತ್ತದೆಂದು ಲೆಕ್ಕ ಕೊಟ್ಟಿದೆ. ಗಡುವು ಮುಂದೆ ಹೋದರೆ ನಿಲಯದ ಮಕ್ಕಳ ಊಟಕ್ಕೆ ತೊಂದರೆಯಾದೀತೇ ಎಂಬುದೇ ಅಧಿಕಾರಿಯ ದೊಡ್ಡ ಚಿಂತೆ. ಆ ಚಿಂತೆಗೆ ಉತ್ತರ ಪತ್ರದಲ್ಲೇ ಇರಬೇಕು. ಪೂರೈಕೆ ಇನ್ನು ಹತ್ತು ದಿನದಲ್ಲಿ ಆರಂಭವಾಗಬೇಕಿದ್ದರೆ, ಕಾರಣ ಎಷ್ಟೇ ಗಟ್ಟಿಯಾಗಿದ್ದರೂ ಮುಂದೂಡುವುದು ಕಷ್ಟವೇ. ಮೂರು, ಎರಡನೆಯ ದಾರಿಯೊಂದನ್ನು ತೋರಿಸಿದೆ. ದಿನಾಂಕವನ್ನು ಸರಿಸಲಾಗದ ಅಧಿಕಾರಿ ಷರತ್ತನ್ನು ಸ್ವಲ್ಪ ಸಡಿಲಿಸಬಹುದು. ಅದೂ ಎಲ್ಲರಿಗೂ ಒಂದೇ ಆಗಿ, ಪ್ರಕಟಣೆಯ ಮೂಲಕವೇ ಆಗಬೇಕು.

ಪತ್ರದಲ್ಲಿ ಇರಬಾರದ್ದೂ ಒಂದಿದೆ. ನಿಮ್ಮ ದರವನ್ನಾಗಲಿ, ದರದ ಸುಳಿವನ್ನಾಗಲಿ ಎಲ್ಲಿಯೂ ಬರೆಯಬಾರದು. "ನಾವು ಮಾರುಕಟ್ಟೆಗಿಂತ ಇಷ್ಟು ಕಡಿಮೆಗೆ ಕೊಡುವವರು, ಆದ್ದರಿಂದ ಅವಕಾಶ ಕೊಡಿ" ಎಂದು ಬರೆದರೆ, ತೆರೆಯುವ ಮೊದಲೇ ದರವನ್ನು ಬಯಲು ಮಾಡಿದಂತೆ ಆಗುತ್ತದೆ. ಅದರಿಂದ ನಿಮ್ಮ ಟೆಂಡರೇ ತಿರಸ್ಕೃತವಾದೀತು.

ಯಾವಾಗ, ಹೇಗೆ ಕೊಡಬೇಕು?

ಬಾಯಾರಿದ ಮೇಲೆ ಬಾವಿ ತೋಡಿದರೆ ನೀರು ಸಿಕ್ಕೀತೇ? ಗಡುವಿನ ದಿನ ಮಧ್ಯಾಹ್ನ ಕೊಟ್ಟ ಪತ್ರವನ್ನು ಓದಿ, ಟಿಪ್ಪಣಿ ಬರೆದು, ಮೇಲಧಿಕಾರಿಯ ಒಪ್ಪಿಗೆ ಪಡೆದು, ಪ್ರಕಟಣೆ ಹೊರಡಿಸಲು ಕಛೇರಿಗೂ ಕಾಲ ಸಾಲದು. ಗಡುವು ಮುಗಿದ ಮೇಲಂತೂ ಕೇಳಿ ಫಲವಿಲ್ಲ. ಸಮಯ ಮೀರಿ ಬಂದ ಟೆಂಡರನ್ನು ಪರಿಗಣಿಸುವಂತಿಲ್ಲ, ಪೋರ್ಟಲ್ ಅದನ್ನು ತೆಗೆದುಕೊಳ್ಳುವುದೂ ಇಲ್ಲ. ನಮ್ಮ ಉದಾಹರಣೆಯಲ್ಲಿ ತಿದ್ದುಪಡಿ ಬಂದ ಎರಡನೆಯ ದಿನವೇ, ಗಡುವಿಗೆ ಇನ್ನೂ ಏಳು ದಿನ ಇರುವಾಗಲೇ ಪತ್ರ ಹೋಯಿತು. ಹದ ಇರುವಾಗಲೇ ಬಿತ್ತಬೇಕಲ್ಲವೇ!

ಪತ್ರ ಹೋಗುವ ದಾರಿಯನ್ನು ಟೆಂಡರು ದಾಖಲೆಯಲ್ಲೇ ಹೇಳಿರುತ್ತದೆ. ಪೋರ್ಟಲಿನಲ್ಲಿ ಪ್ರಶ್ನೆ ಕೇಳುವ ಅವಕಾಶ ಇನ್ನೂ ತೆರೆದಿದ್ದರೆ ಅಲ್ಲಿ ಹಾಕಿ. ಕಛೇರಿಯ ಮಿಂಚಂಚೆಗೂ ಕಳುಹಿಸಿ. ಒಂದು ಪ್ರತಿಯನ್ನು ಕಛೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆಯನ್ನು ಹಾಕಿಸಿಕೊಳ್ಳಿ. ಟೆಂಡರು ಪೂರ್ವ ಸಭೆ ಇನ್ನೂ ನಡೆಯಬೇಕಾಗಿದ್ದರೆ ಅಲ್ಲಿಯೂ ಎದ್ದು ನಿಂತು ಕೇಳಿ. ಸಭೆಯ ನಡವಳಿಯಲ್ಲಿ ನಿಮ್ಮ ಮಾತು ದಾಖಲಾಗುತ್ತದೆ.

"ಇಷ್ಟೆಲ್ಲ ಏಕೆ ಸ್ವಾಮಿ, ಸಾಹೇಬರನ್ನೇ ಮನೆಯಲ್ಲಿ ಕಂಡು ಹೇಳಿಬಿಟ್ಟರಾಗದೇ?" ಎಂದು ಕೆಲವರು ಕೇಳುವುದುಂಟು. ಆಗದು. ಟೆಂಡರು ನಡೆಯುತ್ತಿರುವಾಗ ಒಬ್ಬ ಟೆಂಡರುದಾರ ಅಧಿಕಾರಿಯನ್ನು ಗುಟ್ಟಾಗಿ ಕಂಡನೆಂಬ ಮಾತು ಹರಡಿದರೆ, ಗಡುವು ಮುಂದೂಡಿದ ಕಾರಣ ಎಷ್ಟೇ ನ್ಯಾಯವಾದದ್ದಿದ್ದರೂ ಅದರ ಮೇಲೆ ದೂರು ಬರುತ್ತದೆ. ಆಗ ಇಡೀ ಟೆಂಡರೇ ರದ್ದಾಗಬಹುದು. ಬಾಯಲ್ಲಿ ಕೊಟ್ಟ ಭರವಸೆಗೂ ಬೆಲೆಯಿಲ್ಲ. "ಆಗಲಿ, ನೋಡೋಣ" ಎಂದು ಯಾರೋ ಹೇಳಿದರೆಂದು ಸುಮ್ಮನೆ ಕುಳಿತವರು ಗಡುವಿನ ದಿನ ಕೈ ಹಿಸುಕಿಕೊಳ್ಳಬೇಕಾಗುತ್ತದೆ. ಪೋರ್ಟಲಿನಲ್ಲಿ ಕಾಣುವ ದಿನಾಂಕವೊಂದೇ ನಿಜವಾದ ದಿನಾಂಕ.

ಒಪ್ಪಿದರೆ ಅಲ್ಲಿಗೆ ಮುಗಿಯಲಿಲ್ಲ

ಗಡುವು ಮುಂದೆ ಹೋಯಿತೆಂದು ಸಂತೋಷಪಡುವಾಗ ಬಹಳ ಮಂದಿ ಎಡವುವ ಜಾಗವೊಂದಿದೆ. ಕಡೆಯ ದಿನ ಸರಿದರೆ ಅದರಿಂದ ಎಣಿಸುವ ಉಳಿದ ದಿನಗಳೂ ಸರಿಯುತ್ತವೆ.

ನಮ್ಮ ಕಂಪನಿಯ ತೇವಾಂಶದ ವರದಿಯನ್ನು ನೋಡಿ. ಅದರ ದಿನಾಂಕ ಜುಲೈ 10. ಆಗಸ್ಟ್ 5ಕ್ಕೆ ಅದು 26 ದಿನ ಹಳೆಯದು. 30 ದಿನಗಳ ಒಳಗಿದ್ದುದರಿಂದ ನಡೆಯುತ್ತಿತ್ತು. ಆದರೆ ಆಗಸ್ಟ್ 12ಕ್ಕೆ ಅದು 33 ದಿನ ಹಳೆಯದಾಗುತ್ತದೆ. ಕೇಳಿದ್ದು ಸಿಕ್ಕಿತು, ಕೈಯಲ್ಲಿದ್ದದ್ದು ಕೆಟ್ಟಿತು! ಈ ಲೆಕ್ಕವನ್ನು ಪತ್ರ ಬರೆಯುವ ಮೊದಲೇ ಹಾಕಬೇಕು. ಜುಲೈ 29ರಂದು ಕೊಟ್ಟ ಮಾದರಿಯಲ್ಲೇ ತೇವಾಂಶ ಮತ್ತು ಕಸಕಡ್ಡಿಯ ಪರೀಕ್ಷೆಯನ್ನೂ ಮತ್ತೆ ಮಾಡಿಸಲು ಬರೆದುಕೊಟ್ಟರೆ, ಎರಡೂ ವರದಿಗಳು ಹೊಸದಾಗಿ ಒಟ್ಟಿಗೆ ಬರುತ್ತವೆ. ಆಗುವ ಖರ್ಚು ಚಿಕ್ಕದು. ಮರೆತರೆ ಆಗುವ ನಷ್ಟ ದೊಡ್ಡದು.

ಎರಡನೆಯದು ಇ.ಎಂ.ಡಿ. ಠೇವಣಿ. ಹಣವನ್ನು ಪೋರ್ಟಲಿನ ಮೂಲಕ ಕಟ್ಟಿದ್ದರೆ ಈ ತೊಡಕಿಲ್ಲ. ಬ್ಯಾಂಕ್ ಗ್ಯಾರಂಟಿ ಕೊಡುವುದಿದ್ದರೆ ಅದರ ಅವಧಿಯನ್ನು ನೋಡಬೇಕು. ಟೆಂಡರಿನ ದರ ಕಡೆಯ ದಿನದಿಂದ 90 ದಿನ ಊರ್ಜಿತವಾಗಿರಬೇಕು, ಗ್ಯಾರಂಟಿ ಅದರ ಮೇಲೆ ಇನ್ನೂ 45 ದಿನ ಇರಬೇಕು ಎಂದು ದಾಖಲೆಯಲ್ಲಿ ಇದೆ ಎನ್ನೋಣ. ಒಟ್ಟು 135 ದಿನ. ಆಗಸ್ಟ್ 5ರಿಂದ ಎಣಿಸಿದರೆ ಡಿಸೆಂಬರ್ 18 ಆಗುತ್ತದೆ. ಆ ತಾರೀಖಿಗೆ ಮಾಡಿಸಿದ ಗ್ಯಾರಂಟಿಯು ಗಡುವು ಆಗಸ್ಟ್ 12ಕ್ಕೆ ಹೋದಾಗ 7 ದಿನ ಕಡಿಮೆಬೀಳುತ್ತದೆ. ಈಗ ಬೇಕಾದದ್ದು ಡಿಸೆಂಬರ್ 25ರವರೆಗೆ. ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಿಸಿದ ಪತ್ರ ತರದಿದ್ದರೆ ಟೆಂಡರು ತಾಂತ್ರಿಕ ಪರಿಶೀಲನೆಯಲ್ಲೇ ಬಿದ್ದುಹೋದೀತು.

ಮೂರನೆಯದು, ಮುಂದೂಡಿದ ಪ್ರಕಟಣೆಯನ್ನು ಪೂರ್ತಿ ಓದಿರಿ. ದಿನಾಂಕದ ಜೊತೆಗೆ ಬೇರೆ ಷರತ್ತೂ ಬದಲಾಗಿರಬಹುದು. ನೀವು ಮೊದಲೇ ಟೆಂಡರನ್ನು ಸಲ್ಲಿಸಿದ್ದರೆ, ಹೊಸ ಗಡುವಿನೊಳಗೆ ಅದನ್ನು ಹಿಂದಕ್ಕೆ ಪಡೆದು ತಿದ್ದಿ ಮತ್ತೆ ಸಲ್ಲಿಸುವ ಕ್ರಮ ದಾಖಲೆಯಲ್ಲಿ ಹೇಗಿದೆ ಎಂಬುದನ್ನು ನೋಡಿಕೊಳ್ಳಿ.

ಒಪ್ಪದಿದ್ದರೆ, ಉತ್ತರವೇ ಬಾರದಿದ್ದರೆ

ಕೋರಿಕೆಯನ್ನು ಒಪ್ಪಲೇಬೇಕೆಂಬ ಕಟ್ಟಳೆ ಇಲ್ಲ. ಬೇರೆಯವರು ಆಗಲೇ ಟೆಂಡರು ಹಾಕಿರಬಹುದು, ಪೂರೈಕೆಯ ತುರ್ತು ಇರಬಹುದು. ಆದುದರಿಂದ ಪತ್ರ ಕೊಟ್ಟ ದಿನದಿಂದಲೂ, ಗಡುವು ಸರಿಯುವುದೇ ಇಲ್ಲವೆಂದು ತಿಳಿದು ಉಳಿದ ಕಾಗದಗಳನ್ನೆಲ್ಲ ಸಿದ್ಧಮಾಡುತ್ತಿರಬೇಕು. ಪೋರ್ಟಲನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುವ ಹೊಣೆಯನ್ನು ಒಬ್ಬರಿಗೆ ವಹಿಸಿರಿ.

ನಾಲ್ಕನೆಯ ದಿನಕ್ಕೂ ಉತ್ತರವಿಲ್ಲದಿದ್ದರೆ, ಮೊದಲ ಪತ್ರದ ಸ್ವೀಕೃತಿ ಸಂಖ್ಯೆಯನ್ನು ಉಲ್ಲೇಖಿಸಿ ನಾಲ್ಕು ಸಾಲಿನ ಜ್ಞಾಪನ ಪತ್ರ ಕೊಡಿ. ಹೊಸ ಕಾರಣಗಳನ್ನು ಅದರಲ್ಲಿ ತುಂಬಬೇಡಿ. ಕಾರಣ ಬದಲಾದರೆ ಮೊದಲ ಕಾರಣದ ಮೇಲೇ ನಂಬಿಕೆ ಹೋಗುತ್ತದೆ. ಬೇರೆ ಪ್ರಯೋಗಾಲಯದಲ್ಲಿ ಹೆಚ್ಚು ಶುಲ್ಕಕ್ಕೆ ಬೇಗ ಪರೀಕ್ಷೆ ಮಾಡಿಕೊಡುತ್ತಾರೆಯೇ ಎಂಬುದನ್ನೂ ಈ ನಡುವೆ ವಿಚಾರಿಸಿರಿ. ಅಂಥದು ಇದ್ದರೆ ಅಧಿಕಾರಿಯೂ ಅದನ್ನೇ ಕೇಳುತ್ತಾರೆ. ನಿಮ್ಮಲ್ಲಿ ಉತ್ತರ ಇರಬೇಕು.

ಗಡುವಿನ ಹಿಂದಿನ ದಿನ ಆಡಳಿತ ಮಂಡಳಿ ಕುಳಿತು ತೀರ್ಮಾನಿಸಲಿ. ಕಡ್ಡಾಯವೆಂದು ಹೇಳಿದ ವರದಿ ಇಲ್ಲದೆ ಹಾಕಿದ ಟೆಂಡರು ತಾಂತ್ರಿಕ ಪರಿಶೀಲನೆಯಲ್ಲಿ ನಿಲ್ಲುವುದು ಕಷ್ಟ. ಠೇವಣಿ ಸಾಮಾನ್ಯವಾಗಿ ಹಿಂದಕ್ಕೆ ಬರುತ್ತದೆ; ಆದರೂ ಅಷ್ಟು ದಿನ ಹಣ ಕಟ್ಟಿಹಾಕಿದಂತೆ. ರಸೀದಿಯನ್ನೂ ಪತ್ರದ ಪ್ರತಿಯನ್ನೂ ಲಗತ್ತಿಸಿ ಹಾಕುವುದೋ, ಈ ಸಾರಿ ಬಿಡುವುದೋ ಎಂಬುದನ್ನು ನಿಮ್ಮ ಹಣದ ಸ್ಥಿತಿ ನೋಡಿ ನಿರ್ಧರಿಸಬೇಕು. ಬಿಟ್ಟರೂ ಆ ಶೇಷ ಪರೀಕ್ಷೆಯನ್ನು ನಿಲ್ಲಿಸಬೇಡಿ. ವರದಿಯಲ್ಲಿ ಏನು ಬಂತೆಂದು ನೋಡಿಕೊಂಡರೆ, ಸದಸ್ಯರು ಮುಂದಿನ ಬೆಳೆಗೆ ಯಾವ ಔಷಧಿಯನ್ನು ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂಬುದು ತಿಳಿಯುತ್ತದೆ. ಮುಂದಿನ ಟೆಂಡರಿನಲ್ಲಿ ಈ ಷರತ್ತು ಮೊದಲ ದಿನದಿಂದಲೇ ಇರುತ್ತದೆ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಿಮ್ಮ ಸಂಘ ಹಾಕಬಹುದಾದ ಒಂದು ಟೆಂಡರಿನ ದಾಖಲೆಯನ್ನು ತೆಗೆದುಕೊಳ್ಳಿ. ಅದು ಕೇಳುವ ಪ್ರತಿಯೊಂದು ಕಾಗದದ ಮುಂದೆ, ಅದು ಕೈಗೆ ಬರಲು ಎಷ್ಟು ಕೆಲಸದ ದಿನ ಬೇಕು ಎಂದು ಬರೆಯಿರಿ. ಯಾವುದು ಎಲ್ಲಕ್ಕಿಂತ ಹೆಚ್ಚು ದಿನ ತೆಗೆದುಕೊಳ್ಳುತ್ತದೆ?

2. "ಮಳೆಯಿಂದ ನಮ್ಮ ಊರಿನ ಸೇತುವೆ ಮುಳುಗಿ ಮೂರು ದಿನ ಬ್ಯಾಂಕಿಗೆ ಹೋಗಲಾಗಲಿಲ್ಲ" ಎಂಬುದು ಒಬ್ಬರ ಕಾರಣವೋ, ಎಲ್ಲರ ಕಾರಣವೋ? ಇಡೀ ತಾಲ್ಲೂಕಿನ ಬ್ಯಾಂಕುಗಳೇ ಮುಚ್ಚಿದ್ದರೆ ಉತ್ತರ ಬದಲಾಗುತ್ತದೆಯೇ? ಅದಕ್ಕೆ ಯಾವ ಸಾಕ್ಷಿ ಕೊಡುವಿರಿ?

3. ಮೇಲಿನ ಉದಾಹರಣೆಯಲ್ಲಿ ಪ್ರಯೋಗಾಲಯವು ಶನಿವಾರವೂ ಕೆಲಸ ಮಾಡುವುದಾದರೆ ವರದಿ ಯಾವ ದಿನ ಬರುತ್ತದೆ? ಆಗ ಎಷ್ಟು ದಿನ ಕೇಳಬೇಕು? ಕ್ಯಾಲೆಂಡರು ಹಿಡಿದು ಎಣಿಸಿ ಹೇಳಿರಿ.